‘ಎಂಎಸ್‌ಎಂಇ ಬಿಲ್ ಪಾವತಿ ತಡ’: ಒಂದು ಸಾಲಿನ ಅಬ್ಸರ್ವೇಶನ್ ಫೈಂಡಿಂಗ್ ಆಗುವುದು ಹೇಗೆ?

ಇಂಟರ್ನಲ್ ಆಡಿಟ್‌ನ ಕರಡು ವರದಿಗಳಲ್ಲಿ ಇಂಥ ಪ್ಯಾರಾ ನನಗೆ ಪದೇ ಪದೇ ಸಿಗುತ್ತದೆ: “ಪರಿಶೀಲಿಸಿದ 60 ಬಿಲ್‌ಗಳಲ್ಲಿ 31 ಎಂಎಸ್‌ಎಂಇ ಬಿಲ್‌ಗಳನ್ನು 45 ದಿನ ಮೀರಿ ಪಾವತಿಸಲಾಗಿದೆ. ಅಕೌಂಟ್ಸ್ ವಿಭಾಗದ ನಿರ್ಲಕ್ಷ್ಯವೇ ಇದಕ್ಕೆ ಕಾರಣ. ಇನ್ನು ಮುಂದೆ ಸಕಾಲದಲ್ಲಿ ಪಾವತಿಸಬೇಕು.” ಕೆಳಗೆ ಆಡಳಿತದ ಉತ್ತರ: “ಗಮನಿಸಲಾಗಿದೆ.” ಮರುವರ್ಷ ಅದೇ ಪ್ಯಾರಾ ಮತ್ತೆ ಬರುತ್ತದೆ, ಸಂಖ್ಯೆ ಮಾತ್ರ ಬೇರೆ.

ಈ ಪ್ಯಾರಾದಲ್ಲಿ ಆಡಿಟರ್ ಕಂಡದ್ದು ಇದೆ. ಯಾವುದಕ್ಕೆ ಹೋಲಿಸಿ ಅದು ತಪ್ಪು, ಏಕೆ ಹಾಗಾಯಿತು, ಆದದ್ದರಿಂದ ಏನಾಯಿತು ಎಂಬ ಮೂರೂ ಇಲ್ಲ. ಇದ್ದಂತೆ ತೋರುತ್ತದೆ, ಅಷ್ಟೇ. ಮಾನದಂಡ, ಕಾರಣ, ಪರಿಣಾಮ ಎಂಬ ಆ ಮೂರೂ ಸೇರಿದಾಗಲೇ ಅಬ್ಸರ್ವೇಶನ್ ಫೈಂಡಿಂಗ್ ಆಗುವುದು. ಯಂತ್ರದ ಬಿಡಿಭಾಗ ತಯಾರಿಸುವ ಒಂದು ಮಧ್ಯಮ ಗಾತ್ರದ ಕಾರ್ಖಾನೆಯ 2023-24ರ ಲೆಕ್ಕವನ್ನು ಇಟ್ಟುಕೊಂಡು ಇದೇ ಪ್ಯಾರಾವನ್ನು ಫೈಂಡಿಂಗ್ ಮಾಡುವ ದಾರಿ ನೋಡೋಣ. ಗುರುತು ಸಿಗದಿರಲೆಂದು, ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ಬದಲಿಸಿದ್ದೇನೆ.

ಮೊದಲು ಮಾನದಂಡ. “ಎಂಎಸ್‌ಎಂಇ ಕಾಯ್ದೆಯ ಪ್ರಕಾರ 45 ದಿನ” ಎಂದು ಬರೆದರೆ ಮಾನದಂಡ ಬರೆದಂತಾಗುವುದಿಲ್ಲ. 2006ರ ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ, ಅಂದರೆ ಎಂಎಸ್‌ಎಂಇಡಿ ಕಾಯ್ದೆಯ 15ನೇ ಕಲಂ ಓದಿ. ಲಿಖಿತ ಒಪ್ಪಂದ ಇದ್ದರೆ ಒಪ್ಪಿದ ದಿನದೊಳಗೆ ಪಾವತಿಸಬೇಕು, ಆದರೆ ಆ ಗಡುವು 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ದಿನ ಎಣಿಸುವುದು ಬಿಲ್ ತಾರೀಖಿನಿಂದಲ್ಲ, ಮಾಲು ಸ್ವೀಕರಿಸಿದ ದಿನದಿಂದ. ಮಾಲು ಬಂದ 15 ದಿನದೊಳಗೆ ಕೊಳ್ಳುವವರು ಲಿಖಿತವಾಗಿ ಆಕ್ಷೇಪ ಎತ್ತದಿದ್ದರೆ, ಅದು ಗೇಟಿಗೆ ಬಂದ ದಿನವೇ ಸ್ವೀಕಾರದ ದಿನ. ಎತ್ತಿದ್ದರೆ, ಆ ತಕರಾರು ಬಗೆಹರಿದ ದಿನ.

ಇನ್ನೂ ಒಂದು ಪ್ರಶ್ನೆ ಇದೆ: ಈ ರಕ್ಷಣೆ ಯಾರಿಗೆ? ಕಾಯ್ದೆಯ ‘ಪೂರೈಕೆದಾರ’ ಎಂದರೆ ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳು. ಮಧ್ಯಮ ಉದ್ಯಮ ಅದರಲ್ಲಿಲ್ಲ. ಸಗಟು, ಚಿಲ್ಲರೆ ವ್ಯಾಪಾರಿಗಳಿಗೆ 2021ರ ಜುಲೈನಲ್ಲಿ ಉದ್ಯಮ್ ನೋಂದಣಿಗೆ ಅವಕಾಶ ಸಿಕ್ಕಿತಾದರೂ ಅದರ ಪ್ರಯೋಜನ ಆದ್ಯತಾ ವಲಯದ ಸಾಲಕ್ಕೆ ಸೀಮಿತ. ಹಾಗಾಗಿ ಉದ್ಯಮ್ ಸರ್ಟಿಫಿಕೇಟ್ ಇದೆ ಎಂದಷ್ಟೇ ನೋಡಿ ಪಟ್ಟಿಗೆ ಸೇರಿಸಬಾರದು. ಅದರಲ್ಲಿ ಯಾವ ವರ್ಗ, ಯಾವ ಚಟುವಟಿಕೆ ಎಂದು ಬರೆದಿದೆಯೋ ನೋಡಬೇಕು.

ಮಾನದಂಡವನ್ನು ಇಷ್ಟು ಬಿಡಿಸಿ ಬರೆದ ಕೂಡಲೇ ಆ 31 ಬಿಲ್‌ಗಳ ಲೆಕ್ಕ ಬದಲಾಯಿತು. 6 ಬಿಲ್ ವ್ಯಾಪಾರಿಗಳದ್ದು, 3 ಮಧ್ಯಮ ಉದ್ಯಮದ್ದು. ಉಳಿದದ್ದು 22. ಅದರಲ್ಲಿ ಎರಡಕ್ಕೆ 15 ದಿನದೊಳಗೆ ಲಿಖಿತ ರಿಜೆಕ್ಷನ್ ನೋಟ್ ಹೋಗಿತ್ತು, ಮಾಲು ಸರಿಪಡಿಸಿದ ದಿನದಿಂದ ಎಣಿಸಿದರೆ ಪಾವತಿ ಗಡುವಿನೊಳಗೇ ಇತ್ತು. ನಿಜವಾಗಿ ತಡವಾದದ್ದು 20. ಕರಡು ಹಾಗೇ ಹೋಗಿದ್ದರೆ ಫೈನಾನ್ಸ್ ಮುಖ್ಯಸ್ಥರು ಮೀಟಿಂಗ್‌ನಲ್ಲಿ ಆ ಹನ್ನೊಂದು ಬಿಲ್‌ಗಳನ್ನೇ ಮೇಜಿನ ಮೇಲಿಡುತ್ತಿದ್ದರು, ಉಳಿದ ಇಪ್ಪತ್ತರ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆದ್ದರಿಂದ ನನ್ನ ತಂಡದಲ್ಲಿ ಮಾನದಂಡವನ್ನು ಸ್ಯಾಂಪಲ್ ಎತ್ತುವ ಮೊದಲೇ ಬರೆಸುತ್ತೇನೆ. ಕೆಲಸ ಮುಗಿದ ಮೇಲೆ ಹುಡುಕಿ ಹಾಕಿದ ಕಲಂ, ಕಂಡದ್ದಕ್ಕೆ ಹೊಂದುವಂತೆ ಓದಿಕೊಂಡ ಕಲಂ ಆಗಿರುತ್ತದೆ.

ಇನ್ನು ಕಾರಣ. ಹೆಚ್ಚಿನ ವರದಿಗಳು ಸೋಲುವುದು ಇಲ್ಲೇ. ‘ನಿರ್ಲಕ್ಷ್ಯ’, ‘ಮೇಲ್ವಿಚಾರಣೆಯ ಕೊರತೆ’ ಎಂಬ ಪದಗಳು ಯಾವ ಪ್ಯಾರಾಗೂ ಹೊಂದುತ್ತವೆ, ಹಾಗಾಗಿಯೇ ಯಾವುದನ್ನೂ ವಿವರಿಸುವುದಿಲ್ಲ. ಕಾರಣವನ್ನು ಊಹಿಸಬಾರದು, ಪರೀಕ್ಷಿಸಬೇಕು. ಅದಕ್ಕೆ ಒಂದು ಬಿಲ್ಲನ್ನು ಹಿಡಿದು ಅದು ನಡೆದ ದಾರಿಯಲ್ಲಿ ನಡೆದು ನೋಡುವುದು ಒಳ್ಳೆಯದು.

10 ಲಕ್ಷ ರೂಪಾಯಿಯ ಒಂದು ಬಿಲ್. ಮಾಲು ಗೇಟಿಗೆ ಬಂದು, ಅದರ ಸ್ವೀಕೃತಿ ಚೀಟಿಯಾದ ಜಿಆರ್‌ಎನ್ ಆದದ್ದು 2023ರ ಆಗಸ್ಟ್ 1ಕ್ಕೆ. ಗುಣಮಟ್ಟದ ತಪಾಸಣೆ ಮುಗಿದದ್ದು 12ಕ್ಕೆ. ತಪಾಸಣೆ ಮುಗಿಯದೆ ಸ್ಟೋರ್ಸ್‌ನವರು ಬಿಲ್ ಮುಂದೆ ಕಳಿಸುವುದಿಲ್ಲ, ಹಾಗಾಗಿ ಅಕೌಂಟ್ಸ್‌ನಲ್ಲಿ ಎಂಟ್ರಿಯಾದದ್ದು 16ಕ್ಕೆ. ಪೂರೈಕೆದಾರರ ವಿವರವೆಲ್ಲ ಇರುವ ವೆಂಡರ್ ಮಾಸ್ಟರ್‌ನಲ್ಲಿ ಪಾವತಿ ಶರತ್ತು 90 ದಿನ. ಸಿಸ್ಟಮ್ ಎಂಟ್ರಿ ತಾರೀಖಿನಿಂದ ಎಣಿಸಿ ನವೆಂಬರ್ 14 ಎಂದು ಗಡುವು ಹಾಕಿತು. ಗಡುವು ಬಂದ ಬಿಲ್‌ಗಳನ್ನೆಲ್ಲ ಒಟ್ಟಿಗೆ ಪಾವತಿಸುವ ಪೇಮೆಂಟ್ ರನ್ ತಿಂಗಳಿಗೊಂದೇ, ಪ್ರತಿ 15ನೇ ತಾರೀಖು. ನವೆಂಬರ್ 15ಕ್ಕೆ ಹಣ ಹೋಯಿತು. ಕಾನೂನಿನ ಗಡುವು ಸೆಪ್ಟೆಂಬರ್ 15 ಆಗಿತ್ತು.

ಅಕೌಂಟ್ಸ್‌ನವರು ಮಾಡಿದ್ದೇನು? ಸಿಸ್ಟಮ್ ಹೇಳಿದ ಗಡುವಿನ ಮರುದಿನವೇ ಪಾವತಿಸಿದರು. 20 ಬಿಲ್‌ಗಳಲ್ಲಿ 17 ಇದೇ ರೀತಿ, ತಮ್ಮ ಸರದಿಯ ಪೇಮೆಂಟ್ ರನ್‌ನಲ್ಲೇ ಪಾವತಿಯಾಗಿದ್ದವು. ಉಳಿದ ಮೂರರಲ್ಲಿ ಮಾಲಿನ ಬಗ್ಗೆ ತಕರಾರಿತ್ತು, ಆದರೆ ಫೋನಿನಲ್ಲಿ ಹೇಳಿದ್ದರು, ಬರೆದು ಕೊಟ್ಟಿರಲಿಲ್ಲ. ಹೇಳಿದ ಕೆಲಸವನ್ನು ಸರಿಯಾಗಿ ಮಾಡಿದ ಹುಡುಗರ ಮೇಲೆ ‘ನಿರ್ಲಕ್ಷ್ಯ’ ಎಂದು ಬರೆಯುವುದು ತಪ್ಪು ಮಾತ್ರವಲ್ಲ, ಅನ್ಯಾಯ. ಆಮೇಲೆ ಆ ವಿಭಾಗದಿಂದ ನಮಗೆ ಸತ್ಯ ಸಿಗುವುದೂ ಕಷ್ಟ.

ಹಾಗಾದರೆ ಕಾರಣ 90 ದಿನದ ಶರತ್ತೇ? ಅದೊಂದೇ ಎಂದುಕೊಂಡು ಶರತ್ತನ್ನು 45ಕ್ಕೆ ಇಳಿಸಿ ನೋಡಿ. ಎಂಟ್ರಿ ಆದ ಆಗಸ್ಟ್ 16ರಿಂದ 45 ದಿನ ಎಂದರೆ ಸೆಪ್ಟೆಂಬರ್ 30. ಮುಂದಿನ ರನ್ ಅಕ್ಟೋಬರ್ 15. ಕಾನೂನಿನ ಗಡುವಿಗಿಂತ ಇನ್ನೂ ಒಂದು ತಿಂಗಳು ತಡ. ಎಣಿಕೆಯನ್ನೂ ಜಿಆರ್‌ಎನ್ ತಾರೀಖಿಗೆ ಬದಲಿಸಿದರೆ ಈ ಬಿಲ್ ಸರಿಹೋಗುತ್ತದೆ. ಆದರೆ ಸೆಪ್ಟೆಂಬರ್ 20ಕ್ಕೆ ಗಡುವಿರುವ ಪಕ್ಕದ ಬಿಲ್ ಅಕ್ಟೋಬರ್ 15ರವರೆಗೆ ಕಾಯುತ್ತದೆ. ಅಂದರೆ ಶರತ್ತು, ಎಣಿಕೆ ಶುರುವಾಗುವ ದಿನ, ರನ್‌ನ ಅಂತರ ಈ ಮೂರೂ ಸೇರಿ ತಡ ಮಾಡುತ್ತಿವೆ. ಒಂದನ್ನು ತೆಗೆದರೆ ತಪ್ಪು ನಿಲ್ಲುತ್ತದೆಯೇ ಎಂದು ಹೀಗೆ ತಾರೀಖು ಹಾಕಿ ನೋಡುವುದೇ ಕಾರಣದ ಪರೀಕ್ಷೆ.

ಇಷ್ಟಕ್ಕೂ 90 ದಿನ ಎಲ್ಲಿಂದ ಬಂತು? ಪರ್ಚೇಸ್ ಮ್ಯಾನೇಜರ್ ಮುಚ್ಚುಮರೆಯಿಲ್ಲದೆ ಹೇಳಿದರು: “ಸಾರ್, ನಮಗೆ ಗಿರಾಕಿಗಳಿಂದ ದುಡ್ಡು ಬರೋದೇ 90 ದಿನಕ್ಕೆ. ಎಲ್ಲ ವೆಂಡರ್‌ಗಳಿಗೂ ಅದನ್ನೇ ಹಾಕಿ ಅಂತ ಮೇಲಿಂದ ಹೇಳಿದ್ದಾರೆ.” ವೆಂಡರ್ ಮಾಸ್ಟರ್‌ನಲ್ಲಿ ಅತಿ ಸಣ್ಣ, ಸಣ್ಣ ಎಂದು ಗುರುತಿಸುವ ಕಾಲಮ್ಮೇ ಇರಲಿಲ್ಲ. ಇದ್ದಿದ್ದರೆ ತಾನೇ ಬೇರೆ ಶರತ್ತು ಹಾಕುವುದು? ಇಲ್ಲಿಗೆ ಫೈಂಡಿಂಗ್‌ನ ವಿಳಾಸವೇ ಬದಲಾಯಿತು. ಅಕೌಂಟ್ಸ್ ಗುಮಾಸ್ತರಿಗೆ ಹೋಗಬೇಕಿದ್ದ ಪ್ಯಾರಾ ಈಗ ಫೈನಾನ್ಸ್ ಮುಖ್ಯಸ್ಥರಿಗೆ ಮತ್ತು ನಿರ್ದೇಶಕರಿಗೆ ಹೋಗಬೇಕು, ಏಕೆಂದರೆ ಇದು ದುಡಿಯುವ ಬಂಡವಾಳದ ಬಗ್ಗೆ ಅವರು ತೆಗೆದುಕೊಂಡ ತೀರ್ಮಾನ.

ಪರಿಣಾಮ ಬರೆಯುವಾಗ “ದಂಡ, ಕಾನೂನು ತೊಡಕು ಉಂಟಾಗಬಹುದು” ಎಂಬ ಸಾಲು ಯಾರನ್ನೂ ಅಲುಗಿಸುವುದಿಲ್ಲ. 16ನೇ ಕಲಂ ಪ್ರಕಾರ ತಡವಾದ ಹಣಕ್ಕೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ. ಆಗ ಬ್ಯಾಂಕ್ ದರ ಶೇ 6.75, ಮೂರು ಪಟ್ಟು ಎಂದರೆ ಶೇ 20.25, ತಿಂಗಳಿಗೆ ಶೇ 1.6875. ನಮ್ಮ 10 ಲಕ್ಷದ ಬಿಲ್ಲಿಗೆ ಮೊದಲ ತಿಂಗಳು 16,875 ರೂಪಾಯಿ, ಎರಡನೆಯ ತಿಂಗಳು 17,160. ಒಟ್ಟು 34,035. ಪೂರೈಕೆದಾರ ಕೇಳಿಲ್ಲ ಎಂಬುದು ಉತ್ತರವಲ್ಲ. ಒಪ್ಪಂದದಲ್ಲಿ ಏನೇ ಬರೆದಿದ್ದರೂ ಈ ಹೊಣೆ ಇದೆ, 22ನೇ ಕಲಂ ಪ್ರಕಾರ ಬಾಕಿ ಬಡ್ಡಿಯನ್ನು ವಾರ್ಷಿಕ ಲೆಕ್ಕಪತ್ರದಲ್ಲಿ ತೋರಿಸಬೇಕು, 23ನೇ ಕಲಂ ಪ್ರಕಾರ ಆ ಬಡ್ಡಿಯನ್ನು ಆದಾಯ ತೆರಿಗೆಯಲ್ಲಿ ಖರ್ಚೆಂದು ಕಳೆಯುವಂತೆಯೂ ಇಲ್ಲ. 20 ಬಿಲ್‌ಗಳ ಬಡ್ಡಿಯನ್ನು ಹಿಗ್ಗಿಸಿ ಇಡೀ ವರ್ಷಕ್ಕೆ ಅಂದಾಜು ಮಾಡುವ ಅಗತ್ಯವೂ ಇಲ್ಲ. ಜಿಆರ್‌ಎನ್ ಮತ್ತು ಪಾವತಿ ತಾರೀಖು ಎರಡೂ ಸಿಸ್ಟಮ್‌ನಲ್ಲಿವೆ, ಇಡೀ ವರ್ಷದ ಬಿಲ್‌ಗಳಿಗೇ ಲೆಕ್ಕ ಹಾಕಬಹುದು.

1961ರ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ಕಲಂ ವಿಷಯದಲ್ಲಿ ಆಡಿಟರ್‌ಗಳು ಎಡವುವುದು ಜಾಸ್ತಿ. 2023-24ರಿಂದ ಜಾರಿಗೆ ಬಂದ ಈ ನಿಯಮದಂತೆ, ಗಡುವು ಮೀರಿಯೂ ಮಾರ್ಚ್ 31ಕ್ಕೆ ಬಾಕಿ ಉಳಿದ ಮೊತ್ತವನ್ನು ಆ ವರ್ಷದ ಖರ್ಚಾಗಿ ಕಳೆಯುವಂತಿಲ್ಲ, ಪಾವತಿಸಿದ ವರ್ಷ ಕಳೆಯಬಹುದು. ನವೆಂಬರ್‌ನಲ್ಲಿ ಪಾವತಿಯಾದ ನಮ್ಮ ಬಿಲ್ಲಿಗೆ ಇದು ತಾಗುವುದೇ ಇಲ್ಲ. ವರ್ಷದ ಕೊನೆಗೆ ಅಂಥ ಬಾಕಿ 40 ಲಕ್ಷ ಇತ್ತು ಎಂದಿಟ್ಟುಕೊಳ್ಳಿ. ಶೇ 25.168ರ ದರದಲ್ಲಿ ತೆರಿಗೆ ಸುಮಾರು 10.07 ಲಕ್ಷ. ಅದನ್ನು ‘ನಷ್ಟ’ ಎಂದು ಬರೆದರೆ ಫೈಂಡಿಂಗ್ ಬಿದ್ದುಹೋಗುತ್ತದೆ. ಅದು ಒಂದು ವರ್ಷ ಮೊದಲೇ ಕಟ್ಟಿದ ತೆರಿಗೆ, ಮುಂದಿನ ವರ್ಷ ಸರಿಹೋಗುತ್ತದೆ. ಬಡ್ಡಿ ಮಾತ್ರ ಹೋದ ದುಡ್ಡು. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿಡಿ, ಕೂಡಬೇಡಿ.

ಈಗ ಫೈಂಡಿಂಗ್ ಹೀಗೆ ಓದಿಸಿಕೊಳ್ಳುತ್ತದೆ:

“ಎಂಎಸ್‌ಎಂಇಡಿ ಕಾಯ್ದೆಯ 15ನೇ ಕಲಂ ಪ್ರಕಾರ ಅತಿ ಸಣ್ಣ ಮತ್ತು ಸಣ್ಣ ಪೂರೈಕೆದಾರರಿಗೆ ಮಾಲು ಸ್ವೀಕರಿಸಿದ 45 ದಿನದೊಳಗೆ ಪಾವತಿಸಬೇಕು. ಪರಿಶೀಲಿಸಿದ 60 ಬಿಲ್‌ಗಳಲ್ಲಿ ಇಂಥ ಪೂರೈಕೆದಾರರ 20 ಬಿಲ್‌ಗಳು ಈ ಗಡುವು ಮೀರಿವೆ. ವೆಂಡರ್ ಮಾಸ್ಟರ್‌ನಲ್ಲಿ ಉದ್ಯಮ್ ವರ್ಗ ನಮೂದಿಸುವ ವ್ಯವಸ್ಥೆ ಇಲ್ಲದೆ ಎಲ್ಲರಿಗೂ 90 ದಿನದ ಶರತ್ತು ಹಾಕಿರುವುದು, ಗಡುವನ್ನು ಬಿಲ್ ಎಂಟ್ರಿಯಿಂದ ಎಣಿಸುವುದು, ತಿಂಗಳಿಗೊಂದೇ ಪೇಮೆಂಟ್ ರನ್ ಇರುವುದು 17 ಬಿಲ್‌ಗಳಿಗೆ ಕಾರಣ. ಮೂರರಲ್ಲಿ ಗುಣಮಟ್ಟದ ಆಕ್ಷೇಪವನ್ನು 15 ದಿನದೊಳಗೆ ಲಿಖಿತವಾಗಿ ತಿಳಿಸಿಲ್ಲ. ಇದರಿಂದ 16ನೇ ಕಲಂ ಬಡ್ಡಿಯ ಹೊಣೆ ಉಂಟಾಗಿದ್ದು, ಲೆಕ್ಕಪತ್ರದಲ್ಲಿ ಅದನ್ನು ತೋರಿಸಿಲ್ಲ. ಬಿಲ್‌ವಾರು ಮೊತ್ತ ಅನುಬಂಧದಲ್ಲಿದೆ.”

ಶಿಫಾರಸು ಕಾರಣಕ್ಕೆ ಎದುರಾಗಿ ನಿಲ್ಲಬೇಕು. ಉದ್ಯಮ್ ಸಂಖ್ಯೆ, ವರ್ಗ, ಚಟುವಟಿಕೆ ತುಂಬದೆ ಹೊಸ ವೆಂಡರ್ ಕೋಡ್ ತೆರೆಯದಂತೆ ಪರ್ಚೇಸ್ ಮುಖ್ಯಸ್ಥರು ಮಾಡಿಸಬೇಕು, ಹಳೆಯ ವೆಂಡರ್‌ಗಳಿಂದ ಸರ್ಟಿಫಿಕೇಟ್ ತರಿಸಬೇಕು. ಈ ವರ್ಗಕ್ಕೆ ಶರತ್ತು 45 ದಿನ ಮೀರದಂತೆ, ಎಣಿಕೆ ಜಿಆರ್‌ಎನ್‌ನಿಂದ ಶುರುವಾಗುವಂತೆ ಸಿಸ್ಟಮ್ ಬದಲಾಗಬೇಕು. ಮುಂದಿನ ರನ್‌ಗೆ ಮೊದಲು ಗಡುವು ಮುಗಿಯುವ ಬಿಲ್‌ಗಳೆಲ್ಲ ಈ ರನ್‌ನಲ್ಲೇ ಹೋಗಬೇಕು. ಕ್ವಾಲಿಟಿ ವಿಭಾಗದ ಆಕ್ಷೇಪ ಲಿಖಿತವಾಗಿ ಹೋಗಬೇಕು. ಇವು ಮುಂದಿನದ್ದಕ್ಕೆ. ಹಿಂದಿನದ್ದಕ್ಕೆ ಫೈನಾನ್ಸ್ ವಿಭಾಗ ಬಡ್ಡಿ ಲೆಕ್ಕ ಹಾಕಿ ಪ್ರಾವಿಷನ್ ಮಾಡಬೇಕು. ಪ್ರತಿಯೊಂದರ ಮುಂದೆ ಒಬ್ಬರ ಹುದ್ದೆ, ಒಂದು ತಾರೀಖು ಇರಲಿ. ಹಣ ಎಲ್ಲಿಂದ ತರುವುದು ಎಂಬುದನ್ನು ಮಾತ್ರ ಆಡಿಟರ್ ತೀರ್ಮಾನಿಸಬಾರದು. ಬಿಲ್‌ಗಳ ಮೇಲೆ ಹಣ ಒದಗಿಸುವ ಟ್ರೆಡ್ಸ್ ವೇದಿಕೆಯೋ, ಬ್ಯಾಂಕಿನ ಮಿತಿ ಏರಿಕೆಯೋ ಎಂದು ದಾರಿಗಳನ್ನು ಹೇಳಿ, ಆಯ್ಕೆಯನ್ನು ಅವರಿಗೇ ಬಿಡುವುದು ಸರಿ.

ಆಡಳಿತದಿಂದ ಮತ್ತೆ “ಗಮನಿಸಲಾಗಿದೆ” ಎಂದು ಬಂದರೆ ನಾನು ಪ್ಯಾರಾ ಮುಚ್ಚುವುದಿಲ್ಲ. ಒಪ್ಪಿಗೆ ಇದೆಯೇ ಇಲ್ಲವೇ, ಇದ್ದರೆ ಯಾರು, ಯಾವಾಗ ಎಂದು ಬರೆಸಿಕೊಳ್ಳುತ್ತೇನೆ. ಮೂರು ತಿಂಗಳ ನಂತರ ವೆಂಡರ್ ಮಾಸ್ಟರ್ ತಿದ್ದಿದ ಸ್ಕ್ರೀನ್‌ಶಾಟ್ ನೋಡಿ ಸಮಾಧಾನಪಡುವಂತಿಲ್ಲ. ಆ ಮೂರು ತಿಂಗಳಲ್ಲಿ ಈ ವರ್ಗದ ಎಲ್ಲ ಬಿಲ್‌ಗಳ ಜಿಆರ್‌ಎನ್ ತಾರೀಖು, ಪಾವತಿ ತಾರೀಖು, ನಡುವಿನ ದಿನ ಇರುವ ಪಟ್ಟಿ ತರಿಸಬೇಕು. ಜೊತೆಗೆ, ವರ್ಗದ ಕಾಲಮ್ ಖಾಲಿ ಬಿಟ್ಟ ವೆಂಡರ್‌ಗಳ ಪಟ್ಟಿಯನ್ನೂ ಬೇರೆಯಾಗಿ ಕೇಳಬೇಕು. ತಡವಾದ ಬಿಲ್‌ಗಳು ಮೊದಲ ಪಟ್ಟಿಯಿಂದ ಮಾಯವಾಗಿ ಎರಡನೆಯದರಲ್ಲಿ ಸೇರಿಕೊಂಡಿರುವ ಸಾಧ್ಯತೆ ಇರುತ್ತದೆ.