ಪದವನ್ನು ಮುಚ್ಚಿ, ಉದಾಹರಣೆ ಮಾತಾಡುತ್ತದಾ ನೋಡಿ

ಕಳೆದ ಮಳೆಗಾಲದಲ್ಲಿ ಬದಿಯಡ್ಕ ಕಡೆಯ ಒಬ್ಬ ಹುಡುಗ ನನಗೆ ವಾಟ್ಸಾಪ್‌ನಲ್ಲಿ ಒಂದು ವಿಡಿಯೊ ಕಳಿಸಿದ. ಅವನು ಟ್ಯೂಷನ್ ಕೊಡುತ್ತಾನೆ. ದಿನಕ್ಕೊಂದು ಇಂಗ್ಲಿಷ್ ಪದ ಹೇಳಿಕೊಡುವ ಸರಣಿ ಶುರು ಮಾಡಿದ್ದ. "ಟೀಚರ್, ನೋಡಿ ಹೇಳಿ. ಎಲ್ಲರೂ ನೋಡ್ತಾರೆ, ಆದರೆ ಯಾರ ಬಾಯಲ್ಲೂ ಪದ ಬರುವುದಿಲ್ಲ" ಎಂದ.

48 ಸೆಕೆಂಡಿನ ವಿಡಿಯೊ. ಬೆಳಕು ಚೆನ್ನಾಗಿತ್ತು, ದನಿ ಸ್ಪಷ್ಟವಾಗಿತ್ತು. ಅವನು ಹೇಳಿದ್ದು ಇಷ್ಟು: "ಇವತ್ತಿನ ಪದ ರಿಲಕ್ಟೆಂಟ್. ಅಂದರೆ ಇಷ್ಟವಿಲ್ಲದ. ಇದೇ ಅರ್ಥದ ಬೇರೆ ಪದಗಳು ಅನ್‌ವಿಲ್ಲಿಂಗ್, ಹೆಸಿಟೆಂಟ್, ಅವರ್ಸ್. ಉದಾಹರಣೆಗೆ, ಹೀ ವಾಸ್ ರಿಲಕ್ಟೆಂಟ್."

ಇಂಥ ವಿಡಿಯೊಗಳನ್ನು ನಾನು ಎಷ್ಟು ನೋಡಿದ್ದೇನೋ ಲೆಕ್ಕ ಇಲ್ಲ. ತಪ್ಪು ಯಾವಾಗಲೂ ಒಂದೇ ಕಡೆ ಇರುತ್ತದೆ. ಉದಾಹರಣೆಯಲ್ಲಿ.

ಆ ವಾಕ್ಯದ ಮೇಲೆ ಬೆರಳಿಟ್ಟು ಪದವನ್ನು ಮುಚ್ಚಿ ನೋಡಿ. ಹೀ ವಾಸ್, ಮುಂದೆ ಖಾಲಿ. ಅಲ್ಲಿಗೆ ಟಯರ್ಡ್ ಹೊಂದುತ್ತದೆ, ಹಂಗ್ರಿ ಹೊಂದುತ್ತದೆ, ಟಾಲ್ ಕೂಡ ಹೊಂದುತ್ತದೆ. ಅಂದ ಮೇಲೆ ಆ ವಾಕ್ಯ ಪದದ ಬಗ್ಗೆ ಏನೂ ಹೇಳಿಲ್ಲ ಅಂತಾಯಿತು. ಕೇಳುವ ಮಗುವಿಗೆ ಉಳಿಯುವುದು 'ಇಷ್ಟವಿಲ್ಲದ' ಎಂಬ ಒಂದು ಕನ್ನಡ ಪದ ಮಾತ್ರ. ಅದನ್ನೇ ಹಿಡಿದುಕೊಂಡು ಮಗು ಇಂಗ್ಲಿಷ್ ಕಟ್ಟುತ್ತದೆ. ನನ್ನ ತರಗತಿಯಲ್ಲೇ ಒಬ್ಬ ಬರೆದಿದ್ದ: 'ಐ ಆ್ಯಮ್ ರಿಲಕ್ಟೆಂಟ್ ಬಿಟರ್ ಗೋರ್ಡ್.' ಅವನಿಗೆ ಹಾಗಲಕಾಯಿ ಇಷ್ಟವಿಲ್ಲ. ಕೊಟ್ಟ ಅರ್ಥವನ್ನು ಅವನು ಪ್ರಾಮಾಣಿಕವಾಗಿಯೇ ಬಳಸಿದ್ದಾನೆ. ತಪ್ಪು ಮಗುವಿನದಲ್ಲ, ಅರ್ಥ ಕೊಟ್ಟವರದ್ದು.

ನಮ್ಮ ಕಾಸರಗೋಡಿನಲ್ಲಿ ಇನ್ನೂ ಒಂದು ತೊಡಕಿದೆ. ಕನ್ನಡ ಮಾಧ್ಯಮದಲ್ಲಿ ಓದುವ ಮಗುವಿನ ಮನೆಮಾತು ತುಳು ಇರಬಹುದು, ಹವ್ಯಕ ಇರಬಹುದು, ಬ್ಯಾರಿ, ಕೊಂಕಣಿ, ಮರಾಠಿ ಇರಬಹುದು. ಅಂಗಡಿಯಲ್ಲಿ, ಬಸ್ಸಿನಲ್ಲಿ ಮಲಯಾಳ. ಒಮ್ಮೆ ಇದೇ ಪದ ಪಾಠ ಮಾಡುವಾಗ ಒಬ್ಬಳು "ಮಡಿ ಅಲ್ವಾ ಟೀಚರ್?" ಎಂದಳು. ಪಕ್ಕದ ಹುಡುಗ ತಬ್ಬಿಬ್ಬಾದ. ಅವನಿಗೆ ಮಡಿ ಎಂದರೆ ಅಜ್ಜಿ ಸ್ನಾನ ಮಾಡಿ ಉಡುವ ಬಟ್ಟೆ. ಅವಳು ಹೇಳಿದ್ದು ಮಲಯಾಳದ ಮಡಿ, ಅಂದರೆ ಹಿಂಜರಿಕೆ. ಅವಳು ಹೇಳಿದ್ದು ತುಂಬ ಹತ್ತಿರವೇ. ಆದರೆ ಮಲಯಾಳದಲ್ಲಿ ಅದೇ ಮಡಿಗೆ ಸೋಮಾರಿತನ ಎಂಬ ಅರ್ಥವೂ ಇದೆ. ರಿಲಕ್ಟೆಂಟ್‌ಗೆ ಆ ಅರ್ಥ ಇಲ್ಲ. ಒಂದು ಪದಕ್ಕೆ ಒಂದು ಪದ ಅಂತ ಇಟ್ಟರೆ ಹೀಗೆ ಯಾವುದೋ ಮೂಲೆಯಲ್ಲಿ ಸೋರುತ್ತದೆ.

ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಅವನು ಉತ್ಸಾಹಿ, ಎರಡೇ ದಿನದಲ್ಲಿ ಹೊಸದು ಮಾಡಿದ. ಅಡಿಕೆ ತೋಟ, ಎರಡು ದಿನ ಬಿಡದೆ ಸುರಿದ ಮಳೆ ಆಗಷ್ಟೇ ನಿಂತಿದೆ. ಕೊಳೆರೋಗಕ್ಕೆ ಮದ್ದು ಬಿಡಬೇಕು. ಮರ ಹತ್ತುವ ಅಣ್ಣ ಜಾರುವ ಮರವನ್ನು ನೋಡುತ್ತಾ ನಿಂತಿದ್ದಾರೆ. 'ಹೀ ವಾಸ್ ರಿಲಕ್ಟೆಂಟ್ ಟು ಕ್ಲೈಂಬ್ ದ ವೆಟ್ ಟ್ರೀ.' ನೋಡಲು ತುಂಬ ಚೆನ್ನಾಗಿತ್ತು. ಮರೆಯುವಂಥದ್ದಲ್ಲ. ಆದರೂ ಪದವನ್ನು ಮ್ಯೂಟ್ ಮಾಡಿ ನನ್ನ ಏಳನೇ ತರಗತಿಗೆ ತೋರಿಸಿದಾಗ ಮಕ್ಕಳು ಒಟ್ಟಿಗೆ ಕೂಗಿದ್ದು "ಅಫ್ರೇಡ್!"

ಮಕ್ಕಳು ಹೇಳಿದ್ದು ಸರಿ. ಆ ದೃಶ್ಯದಲ್ಲಿ ಹೆದರಿಕೆಯೇ ಎದ್ದು ಕಾಣುತ್ತದೆ. ನೆನಪಿನಲ್ಲಿ ಉಳಿದದ್ದು ಮರ, ಪದ ಅಲ್ಲ. ಹಾಗಾಗಿ ನಾನು ಮತ್ತೆ ಮತ್ತೆ ಹೇಳುವುದು ಇದು: ಉದಾಹರಣೆ ನೆನಪಿನಲ್ಲಿ ಉಳಿದರೆ ಸಾಲದು, ಅಕ್ಕಪಕ್ಕದ ಪದಗಳನ್ನು ಅದು ಹೊರಗೆ ಹಾಕಬೇಕು. ರಿಲಕ್ಟೆಂಟ್‌ನ ನೆರೆಯಲ್ಲಿ ಮೂವರಿದ್ದಾರೆ. ಹೆದರಿದವನು, ಸೋಮಾರಿ, ಮತ್ತು 'ಆಗುವುದಿಲ್ಲ' ಎಂದು ಖಡಾಖಂಡಿತ ಹೇಳಿದವನು. ಈ ಮೂವರಿಗೂ ಜಾಗ ಸಿಗದಂಥ ಸನ್ನಿವೇಶ ಬೇಕು. ಪದದ ಹುಟ್ಟು ಇಲ್ಲಿ ದಾರಿ ತೋರಿಸುತ್ತದೆ. ಲ್ಯಾಟಿನ್‌ನಲ್ಲಿ ಅದರ ಬೇರಿನ ಅರ್ಥ ಕುಸ್ತಿ ಹಿಡಿಯುವುದು, ಎದುರು ಹೋರಾಡುವುದು. ಇಂದಿನ ಬಳಕೆಯಲ್ಲಿ ಆ ಕುಸ್ತಿ ನಡೆಯುವುದು ಮನಸ್ಸಿನೊಳಗೆ. ಮಾಡಬೇಕು, ಆದರೆ ಮನಸ್ಸು ಒಲ್ಲೆ ಅನ್ನುತ್ತದೆ. ಎಷ್ಟೋ ಸಲ ಕೊನೆಗೆ ಮಾಡಿಯೂ ಬಿಡುತ್ತೇವೆ. ಕನ್ನಡದಲ್ಲಿ 'ಒಲ್ಲದ ಮನಸ್ಸಿನಿಂದ' ಎನ್ನುತ್ತೇವಲ್ಲ, ಅದೇ.

ಮೂರನೇ ಸಲ ನಾವಿಬ್ಬರೂ ಕೂತು ಮಾಡಿದೆವು. ತಟ್ಟೆಯಲ್ಲಿ ಒಂದೇ ಒಂದು ಹಲಸಿನ ಹಪ್ಪಳ ಉಳಿದಿದೆ. ಹುಡುಗನ ಕೈ ಅದರ ಮೇಲಿದೆ. ನೆಂಟರ ಮಗು ಬಂದು ಪಕ್ಕದಲ್ಲಿ ನಿಲ್ಲುತ್ತದೆ. ಅಮ್ಮ ಕಣ್ಣಲ್ಲೇ ಹೇಳುತ್ತಾಳೆ. ಹುಡುಗ ಹಪ್ಪಳ ಮುಂದೆ ಚಾಚುತ್ತಾನೆ, ಬೆರಳು ಮಾತ್ರ ಬಿಡುತ್ತಿಲ್ಲ. ಕೊನೆಗೆ ಬಿಡುತ್ತಾನೆ. 'ಹೀ ವಾಸ್ ರಿಲಕ್ಟೆಂಟ್ ಟು ಗಿವ್ ಅವೇ ಹಿಸ್ ಲಾಸ್ಟ್ ಹಪ್ಪಳ, ಬಟ್ ಹೀ ಡಿಡ್.' ಇಲ್ಲಿ ಹೆದರಿಕೆ ಇಲ್ಲ. ಸೋಮಾರಿತನ ಇಲ್ಲ. ಕೊಟ್ಟದ್ದರಿಂದ ನಿರಾಕರಣೆಯೂ ಅಲ್ಲ. ಮ್ಯೂಟ್ ಮಾಡಿ ತೋರಿಸಿದಾಗ ಮಕ್ಕಳಿಗೆ ಇಂಗ್ಲಿಷ್ ಪದ ಸಿಗಲಿಲ್ಲ. ಆದರೆ "ಮನಸ್ಸಿಲ್ಲದೆ ಕೊಟ್ಟ" ಎಂದು ಅವರೇ ಹೇಳಿದರು. ಅರ್ಥ ಮೊದಲೇ ಕೂತು ಕಾಯುತ್ತಿತ್ತು, ಪದ ಬಂದು ಸೇರಿಕೊಂಡಿತು.

ಇದಕ್ಕೆ ವಿಡಿಯೊದ ಕ್ರಮವೂ ಬದಲಾಗಬೇಕು. ಮೊದಲು ದೃಶ್ಯ, ಸುಮಾರು 15 ಸೆಕೆಂಡ್. ಪದ ಬರುವುದು ಅದರ ನಂತರ. 'ಇವತ್ತಿನ ಪದ' ಎಂದು ಶುರು ಮಾಡಬೇಡಿ. ಸಮಾನ ಪದಗಳ ಪಟ್ಟಿಯನ್ನು ಪೂರ್ತಿ ಬಿಡಿ. ಅವು ಒಂದರ ಬದಲು ಇನ್ನೊಂದು ಬರುವ ಪದಗಳಲ್ಲ. ಅವರ್ಸ್ ಎಂಬುದಂತೂ ವಾಕ್ಯದಲ್ಲಿ ಬೇರೆ ಥರವೇ ಕೂರುತ್ತದೆ. ಉಳಿದ ಸಮಯದಲ್ಲಿ ಅದೇ ಪದವನ್ನು ಇನ್ನೊಂದು ಸನ್ನಿವೇಶದಲ್ಲಿ ತೋರಿಸಿ. ಆಮೇಲೆ ಮೂರು ಸೆಕೆಂಡ್ ಸುಮ್ನಿರಿ. ನೋಡುವವರು ಬಾಯಿಬಿಟ್ಟು ಹೇಳಲಿ.

ಕಿವಿಗೆ ಸಂಬಂಧಿಸಿದ ಒಂದು ಸೂಕ್ಷ್ಮವೂ ಇದೆ. ರಿಲಕ್ಟೆಂಟ್ ಟು ಎಂದು ವೇಗವಾಗಿ ಹೇಳುವಾಗ ಪದದ ಕೊನೆಯ ಟ್ ಮತ್ತು ಮುಂದಿನ ಟು ಸೇರಿಹೋಗುತ್ತವೆ. ನಾವು ಹೇಗೂ ಇಂಗ್ಲಿಷ್ ಪದದ ಕೊನೆಗೆ ಉಕಾರ ಸೇರಿಸಿ 'ರಿಲಕ್ಟೆಂಟು' ಎನ್ನುವವರು. ಹಾಗಾಗಿ ಮಗುವಿಗೆ ಆ 'ಟು' ಬೇರೆ ಪದ ಅಂತ ಗೊತ್ತೇ ಆಗುವುದಿಲ್ಲ. ಬರೆಯುವಾಗ ಬಿಟ್ಟುಬಿಡುತ್ತದೆ. ಪರದೆಯ ಮೇಲೆ ಬರೀ ಪದ ಹಾಕಬೇಡಿ. ಟು ಸೇರಿಸಿ, ಅದಕ್ಕೆ ಬೇರೆ ಬಣ್ಣ ಕೊಟ್ಟು ಹಾಕಿ. ಒತ್ತು ಬೀಳುವುದು ನಡುವಿನ 'ಲಕ್' ಮೇಲೆ.

ಎಲ್ಲ ಪದಕ್ಕೂ ಈ ದಾರಿ ನಡೆಯುತ್ತದೆ ಎಂದು ನಾನು ಹೇಳುವುದಿಲ್ಲ. ಬಕೆಟ್, ಏಣಿಯಂಥ ವಸ್ತುಗಳಿಗೆ ಚಿತ್ರ ಸಾಕು. ಆಲ್ದೋ, ಅನ್‌ಲೆಸ್ ಥರದವಕ್ಕೆ ಒಂದು ದೃಶ್ಯ ಸಾಲುವುದಿಲ್ಲ, ಎರಡು ವಾಕ್ಯ ಪಕ್ಕಪಕ್ಕ ಇಟ್ಟು ಹೋಲಿಸಬೇಕಾಗುತ್ತದೆ. ಇನ್ನೊಂದು ವಿಷಯ. ದಿನಾ ಹೊಸ ಪದವೇ ಬೇಕು ಎಂಬ ಹಟ ಬೇಡ. ಎಬಿಂಗ್‌ಹೌಸ್ ಎಂಬ ಜರ್ಮನ್ ಪಂಡಿತರು 1885ರಲ್ಲೇ ತೋರಿಸಿದ್ದಾರೆ, ಕಲಿತದ್ದರಲ್ಲಿ ಜಾಸ್ತಿ ಮರೆವು ಆಗುವುದು ಮೊದಲ ಒಂದೆರಡು ದಿನಗಳಲ್ಲೇ. ನಾನು ಹುಡುಗನಿಗೆ ಹೇಳಿದ್ದು ಹೀಗೆ: ಸೋಮವಾರದ ಪದ ಬುಧವಾರದ ಕಥೆಯೊಳಗೆ ಒಮ್ಮೆ ಬಂದುಹೋಗಲಿ, ಭಾನುವಾರ ಹೊಸ ಪದವೇ ಬೇಡ, ಹಳೆಯ ದೃಶ್ಯಗಳನ್ನು ಮ್ಯೂಟ್ ಮಾಡಿ ಹಾಕು.

ಮೊದಲ ಭಾನುವಾರ ಅವನು ನೋಡುವವರಿಗೆ ಸ್ವಂತ ವಾಕ್ಯ ಕಳಿಸಲು ಹೇಳಿದ. ಕುಂಬಳೆಯ ಒಬ್ಬಳು ಧ್ವನಿಸಂದೇಶ ಕಳಿಸಿದ್ದಳು. ಅವನು ಅದನ್ನು ನನಗೂ ಕೇಳಿಸಿದ. 'ಮೈ ಅಜ್ಜಿ ಇಸ್ ರಿಲಕ್ಟೆಂಟ್ ಟು ಗೋ ಇನ್ ದ ಲಿಫ್ಟ್, ಬಟ್ ಶೀ ಹ್ಯಾಸ್ ಲೆಗ್ ಪೇನ್, ಸೋ ಶೀ ಗೋಸ್.' ನಾನು ಅದನ್ನು ಎರಡು ಸಲ ಕೇಳಿದೆ. ಟು ಅದರ ಜಾಗದಲ್ಲೇ ಇತ್ತು.