ವೆಂಡರ್ ಕರಾರು ಮುಗಿಸುವ ನೋಟಿಸ್: ತಾರೀಖು, ಬಾಕಿ ಹಣ, ಹಸ್ತಾಂತರ

ಒಂದು ಕಲ್ಪಿತ ಕೇಸ್ ಇಟ್ಟುಕೊಂಡು ನೋಡೋಣ. ಒಂದು ಕಚೇರಿಯ ಸರ್ವರ್ ಮತ್ತು ಸಾಫ್ಟ್‌ವೇರ್ ನೋಡಿಕೊಳ್ಳಲು ಹೊರಗಿನ ವೆಂಡರ್ ಇದ್ದಾರೆ. ಅಕ್ಟೋಬರ್ 1ರಿಂದ ಸೆಪ್ಟೆಂಬರ್ 30ರವರೆಗಿನ ವಾರ್ಷಿಕ ಶುಲ್ಕವನ್ನು ಮುಂಗಡವಾಗಿ ಕಟ್ಟಿಯಾಗಿದೆ. ಕಾರಣ ಹೇಳದೆ 60 ದಿನದ ನೋಟಿಸ್ ಕೊಟ್ಟು ಯಾರು ಬೇಕಾದರೂ ಹೊರಬರಬಹುದು ಎಂದು ಕರಾರಿನಲ್ಲಿದೆ. ನೋಟಿಸ್ ಅಂಚೆಯಲ್ಲೇ ಹೋಗಬೇಕು, ಕಳಿಸಿದ 5ನೇ ದಿನ ಅದು ತಲುಪಿದೆ ಎಂದು ಲೆಕ್ಕ, ತಲುಪಿದ ಮರುದಿನದಿಂದ 60 ದಿನ ಎಣಿಕೆ.

ಮೊದಲು ದಾರಿ ಯಾವುದು ಅಂತ ತೀರ್ಮಾನಿಸಬೇಕು. ಕಾರಣ ಹೇಳದೆ ಮುಗಿಸುವುದು ಒಂದು ದಾರಿ. ವೆಂಡರ್ ಕರಾರು ಮುರಿದರು ಅಂತ ಮುಗಿಸುವುದು ಇನ್ನೊಂದು. ಎರಡನೆಯದರಲ್ಲಿ ತಪ್ಪನ್ನು ಸಾಬೀತು ಮಾಡುವ ಹೊರೆ ನಮ್ಮ ತಲೆಗೇ ಬರುತ್ತದೆ. ಸರಿಪಡಿಸಿಕೊಳ್ಳಲು ಅವರಿಗೆ ಮೊದಲು ಅವಕಾಶ ಕೊಡಬೇಕು ಎಂಬ ಷರತ್ತೂ ಸಾಮಾನ್ಯವಾಗಿ ಇರುತ್ತದೆ. ಮೊದಲನೆಯ ದಾರಿ ತೆರೆದಿದ್ದರೆ ನಾನು ಅದನ್ನೇ ಹಿಡಿಯುತ್ತೇನೆ. ಆಗ ಪತ್ರದಲ್ಲಿ ದೂರುಗಳ ಪಟ್ಟಿ ಬೇಡ. ಎರಡೂ ಬೆರೆತರೆ ಯಾವ ಕಲಮಿನಡಿ ಮುಗಿಸುತ್ತಿದ್ದೀರಿ ಎಂಬುದೇ ಜಗಳವಾಗುತ್ತದೆ.

ಈಗ ತಾರೀಖು. ಜಾಸ್ತಿ ಜನ ಎಡವುವುದು ಇಲ್ಲೇ. ಮಾರ್ಚ್ 3ಕ್ಕೆ ಪತ್ರ ಹೋಯಿತು ಅಂದುಕೊಳ್ಳಿ. ಅಲ್ಲಿಂದಲೇ ಎಣಿಸಿದರೆ ಮೇ 2ಕ್ಕೆ 60 ದಿನ ಆಗುತ್ತದೆ. ಆದರೆ ಪತ್ರ ತಲುಪಿದ್ದು ಮಾರ್ಚ್ 8 ಎಂದು ಲೆಕ್ಕ. ಮಾರ್ಚ್ 9 ಮೊದಲ ದಿನ. ಮಾರ್ಚ್‌ನಲ್ಲಿ 23, ಏಪ್ರಿಲ್‌ನಲ್ಲಿ 30, ಮೇನಲ್ಲಿ 7. ಅಂದರೆ ಕೊನೆಯ ದಿನ ಮೇ 7. ಮೇ 2 ಎಂದು ಬರೆದರೆ 5 ದಿನ ಕಡಿಮೆ ಬೀಳುತ್ತದೆ, ನೋಟಿಸೇ ಸರಿಯಿಲ್ಲ ಅಂತ ವೆಂಡರ್ ಹೇಳಬಹುದು. ಆದ್ದರಿಂದ ಪತ್ರದ ಸಾಲು ಹೀಗಿರಲಿ:

“ಕರಾರಿನ ಕಲಂ … ರ ಪ್ರಕಾರ ಈ ಕರಾರನ್ನು ಮುಗಿಸುತ್ತಿದ್ದೇವೆ. ಮೇ 7 ಅಥವಾ ಕರಾರಿನಂತೆ ನೋಟಿಸ್ ಅವಧಿ ಮುಗಿಯುವ ದಿನ, ಇವೆರಡರಲ್ಲಿ ಯಾವುದು ನಂತರವೋ ಅದೇ ಕೊನೆಯ ದಿನ. ನಮ್ಮ ಬೇರೆ ಹಕ್ಕುಗಳನ್ನು ಬಿಟ್ಟುಕೊಟ್ಟಿಲ್ಲ.”

“ಯಾವುದು ನಂತರವೋ” ಅನ್ನೋದನ್ನು ಬಿಡಬೇಡಿ. ಎಣಿಕೆಯಲ್ಲಿ ಒಂದೆರಡು ದಿನ ತಪ್ಪಿದರೂ ನೋಟಿಸ್ ನಿಲ್ಲಲಿ ಅಂತಲೇ ಅದನ್ನು ಹಾಕುವುದು. ಇಮೇಲ್ ಪ್ರತಿಯನ್ನೂ ಕಳಿಸಿ, ಆದರೆ ಈ ಕರಾರಿನಲ್ಲಿ ಲೆಕ್ಕಕ್ಕೆ ಬರುವುದು ಅಂಚೆ ಪತ್ರ ಮಾತ್ರ. ವಿಳಾಸ ಕರಾರಿನಲ್ಲಿ ಬರೆದಿರುವುದೇ ಆಗಿರಲಿ, ನಡುವೆ ಬದಲಾಗಿದೆ ಅಂತ ಅವರು ಲಿಖಿತವಾಗಿ ತಿಳಿಸಿದ್ದರೆ ಹೊಸದು. ಸಹಿ ಹಾಕುವವರಿಗೆ ಅಧಿಕಾರ ಇದೆಯಾ ಅಂತಲೂ ನೋಡಿ.

ದುಡ್ಡಿನ ವಿಷಯಕ್ಕೆ ಬರೋಣ. ಮುಂಗಡದಲ್ಲಿ ಬಳಸದೆ ಉಳಿಯುವುದು ಮೇ 8ರಿಂದ ಸೆಪ್ಟೆಂಬರ್ 30ರವರೆಗಿನ 146 ದಿನದ್ದು. 365ರಲ್ಲಿ 146 ಅಂದರೆ ಸರಿಯಾಗಿ ಶೇ. 40. ಮರುಪಾವತಿಯ ಕಲಂ ಇದ್ದರೆ ಈ ಲೆಕ್ಕವನ್ನು ಪತ್ರದಲ್ಲೇ ಬಿಡಿಸಿ ತೋರಿಸಿ. ಕಲಂ ಇಲ್ಲದಿದ್ದರೆ ಹಣ ತಾನಾಗಿ ವಾಪಸ್ ಬರುತ್ತದೆ ಅಂದುಕೊಳ್ಳಬೇಡಿ. ಆಗ ನೋಟಿಸ್ ಕಳಿಸುವ ಮೊದಲೇ ಮಾತಾಡಿ ಒಪ್ಪಿಸಿ, ಆ ಒಪ್ಪಿಗೆಯನ್ನು ಬರಹದಲ್ಲಿ ಪಡೆಯುವುದು ಒಳ್ಳೆಯದು.

ವಾರ್ಷಿಕ ಶುಲ್ಕದ ಜೊತೆಗೆ ಫೆಬ್ರವರಿಯಲ್ಲಿ ಇನ್ನೊಂದು ಬಿಲ್ ಬಂದಿದೆ. ಅದರಲ್ಲಿ ಒಂದು ಸಾಲು ನೀವು ಹೇಳಿ ಮಾಡಿಸಿದ ಕೆಲಸ, ಇನ್ನೊಂದು ಸಾಲು ಯಾರೂ ಒಪ್ಪದ ‘ಹೆಚ್ಚುವರಿ ಕೆಲಸ’. ಇಡೀ ಬಿಲ್ ತಡೆಹಿಡಿಯೋಣ ಅನ್ನಿಸುತ್ತೆ, ಅಲ್ವಾ? ಹಾಗೆ ಮಾಡಿದರೆ ಹಣ ಬಾಕಿ ಇದೆ ಅಂತ ಅವರು ಸೇವೆ ನಿಲ್ಲಿಸಬಹುದು, ಹಸ್ತಾಂತರವೂ ನಿಂತುಬಿಡುತ್ತದೆ. ತಕರಾರಿಲ್ಲದ ಸಾಲಿಗೆ ಹಣ ಕಟ್ಟಿ. ಇನ್ನೊಂದು ಸಾಲಿಗೆ ಬಿಲ್ ಸಂಖ್ಯೆ, ಮೊತ್ತ, ಕಾರಣ ಬರೆದು ತಕರಾರು ಹಾಕಿ. ಅದಕ್ಕೆ ಕರಾರಿನಲ್ಲಿ ಗಡುವು ಇದ್ದರೆ ದಾಟಿಸಬೇಡಿ. ಮರುಪಾವತಿಯ ಹಣವನ್ನು ಈ ಬಿಲ್‌ನಲ್ಲಿ ನೀವೇ ಮುರಿದುಕೊಳ್ಳುವುದಕ್ಕೂ ಕರಾರಿನ ಅನುಮತಿ ಬೇಕು.

ಹಸ್ತಾಂತರದ ಸಿದ್ಧತೆ ನೋಟಿಸ್‌ಗಿಂತ ಮೊದಲೇ ಶುರುವಾಗಬೇಕು. ಡೊಮೇನ್ ಯಾರ ಹೆಸರಿನಲ್ಲಿದೆ, ಅಡ್ಮಿನ್ ಲಾಗಿನ್ ನಿಮ್ಮ ಹತ್ತಿರ ಇದೆಯೇ, ಪಾಸ್‌ವರ್ಡ್ ಮರುಹೊಂದಿಸಿದರೆ ಸಂದೇಶ ಯಾರ ಫೋನ್‌ಗೆ ಹೋಗುತ್ತದೆ, ಇಷ್ಟನ್ನು ಸದ್ದಿಲ್ಲದೆ ಪರೀಕ್ಷಿಸಿ. ಮುನಿಸು ಹುಟ್ಟಿದ ಮೇಲೆ ಇವನ್ನು ಕೇಳುವುದು ಕಷ್ಟ.

ನೋಟಿಸ್‌ನ ಅನುಬಂಧದಲ್ಲಿ ‘ಎಲ್ಲ ದಾಖಲೆ ಒಪ್ಪಿಸಿ’ ಅಂತ ಸುಮ್ನೆ ಬರೆದರೆ ಸಾಲದು. ಒಂದೊಂದಕ್ಕೂ ತಾರೀಖು, ಪಡೆಯುವವರು, ಪರೀಕ್ಷೆ ಬೇಕು. ಉದಾಹರಣೆಗೆ, ಏಪ್ರಿಲ್ 15ಕ್ಕೆ ಪೂರ್ತಿ ಬ್ಯಾಕಪ್ ಕೊಡಬೇಕು, ಏಪ್ರಿಲ್ 20ರೊಳಗೆ ಅದನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಬೇಕು. ಫೈಲ್ ಬಂದಿರುತ್ತದೆ, ಆದರೆ ತೆರೆಯುವ ಕೀ ಬಂದಿರುವುದಿಲ್ಲ. ಟೇಬಲ್‌ಗಳಿರುತ್ತವೆ, ಜೋಡಿಸಿದ ಕಡತಗಳಿರುವುದಿಲ್ಲ. ಇದು ಏಪ್ರಿಲ್ 20ಕ್ಕೆ ಗೊತ್ತಾದರೆ ಕೇಳಲು ಇನ್ನೂ 17 ದಿನ ಕೈಯಲ್ಲಿರುತ್ತದೆ. ವೆಂಡರ್ ತಮ್ಮ ಬಳಿಯ ಪ್ರತಿಯನ್ನು ಅಳಿಸುವುದು ನೀವು ‘ಬ್ಯಾಕಪ್ ಸರಿಯಿದೆ’ ಎಂದು ಬರೆದುಕೊಟ್ಟ ಮೇಲೆ ಮಾತ್ರ. ಈ ಕ್ರಮವನ್ನೂ ಅನುಬಂಧದಲ್ಲೇ ಬರೆಯಿರಿ. ಅವರ ಲಾಗಿನ್‌ಗಳನ್ನು ನೀವು ಮುಚ್ಚುವುದು ಮೇ 7ರ ಕೆಲಸ ಮುಗಿದ ಬಳಿಕ. ಅದಕ್ಕೆ ಮೊದಲೇ ಮುಚ್ಚಿದರೆ, ‘ನೀವೇ ಕೆಲಸ ಮಾಡಲು ಬಿಡಲಿಲ್ಲ’ ಎಂಬ ಉತ್ತರ ಅವರಿಗೆ ಸಿದ್ಧವಾಗಿ ಸಿಗುತ್ತದೆ.