ಪದ ಪರಿಚಯ: ‘ಸರ್ವಿಂಗ್’ ಅಂದರೆ ನೂರು ಗ್ರಾಂ ಅಲ್ಲ

ಈ ವಾರ ಮೂರನೇ ಸಲ ಅದೇ ಪಟ್ಟಿ ನನಗೆ ಬಂದು ತಲುಪಿದೆ. ‘ಒಂದು ಸರ್ವಿಂಗ್‌ನಲ್ಲಿ ಎಷ್ಟು ಕ್ಯಾಲೊರಿ?’ ಎಂದು ದಪ್ಪಕ್ಷರದ ತಲೆಬರಹ. ಕೆಳಗೆ ವೆನಿಲಾ ಐಸ್‌ಕ್ರೀಮ್ 207, ಚಾಕೊಲೇಟ್ ಕೇಕ್ 367, ಕುಕಿ 480ರ ಆಸುಪಾಸು, ಮಿಲ್ಕ್ ಚಾಕೊಲೇಟ್ 535. ಕೊನೆಯಲ್ಲಿ ತೀರ್ಪು: ‘ಸಿಹಿ ತಿನ್ನಲೇಬೇಕಿದ್ದರೆ ಐಸ್‌ಕ್ರೀಮೇ ವಾಸಿ.’ ಅಂಕಿಗಳಲ್ಲಿ ತಪ್ಪಿಲ್ಲ. ಅವೆಲ್ಲ ನೂರು ಗ್ರಾಂ ತೂಕದ ಲೆಕ್ಕ, ಅಷ್ಟೆ. ತಪ್ಪಿರುವುದು ತಲೆಬರಹದ ಆ ಒಂದು ಪದದಲ್ಲಿ. ಮಾಮೂಲಿ ಚಾಕೊಲೇಟ್ ಬಾರೊಂದರ ತೂಕ 44 ಗ್ರಾಂ. ನೂರು ಗ್ರಾಂ ತಲುಪಬೇಕಾದರೆ ಎರಡು ಬಾರು ತಿಂದು ಮೂರನೆಯದರ ಹೊದಿಕೆ ಬಿಚ್ಚಬೇಕು.

‘ಸರ್ವ್’ ಎಂಬುದರ ಬೇರು ಲ್ಯಾಟಿನ್ನಿನ ‘ಸರ್ವೀರೆ’, ಅಂದರೆ ಊಳಿಗ ಮಾಡುವುದು. ಅದರ ಹಿಂದಿರುವುದು ಆಳು ಎಂಬ ಅರ್ಥದ ‘ಸರ್ವುಸ್’. ಹಾಗಾಗಿ ಸರ್ವಿಂಗ್ ಎನ್ನುವಾಗ ಕಣ್ಣಿಗೆ ಕಟ್ಟಬೇಕಾದದ್ದು ಬಡಿಸುವವನ ಕೈ. ನಮ್ಮ ‘ಬಡಿಸು’ ಕೂಡ ಹಾಗೆಯೇ, ಉಣ್ಣುವವನ ಹೊಟ್ಟೆ ಎಷ್ಟು ಕೇಳುತ್ತದೆ ಎಂಬುದು ಆ ಕ್ರಿಯಾಪದದೊಳಗೆ ಇಲ್ಲ. ‘ಪೋರ್ಷನ್’ ಬಂದದ್ದು ‘ಪೋರ್ಷಿಯೊ’ದಿಂದ, ಅದಕ್ಕೆ ಕನ್ನಡದಲ್ಲಿ ಸರಿಹೊಂದುವ ಮಾತು ಪಾಲು. ಈಗಿನ ಬಳಕೆಯಲ್ಲೂ ಇದೇ ಗೆರೆ ಉಳಿದಿದೆ: ಪೊಟ್ಟಣದ ಮೇಲೆ ಅಚ್ಚಾದದ್ದು ಸರ್ವಿಂಗ್, ನಿಮ್ಮ ತಟ್ಟೆಗೆ ಬಿದ್ದದ್ದು ಪಾಲು. ಎರಡೂ ಒಂದೇ ಆಗಬೇಕೆಂದೇನಿಲ್ಲ.

ಸರ್ವಿಂಗ್ ಎಂದರೆ ‘ಇಷ್ಟೇ ತಿನ್ನಿ’ ಎಂಬ ವೈದ್ಯರ ಸಲಹೆ ಎಂದುಕೊಂಡವರು ಇನ್ನೊಂದು ಗುಂಪು. ಅದೂ ಅಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2016ರಲ್ಲಿ ಲೇಬಲ್ ನಿಯಮಗಳನ್ನು ಬದಲಿಸಿದಾಗ ಐಸ್‌ಕ್ರೀಮಿನ ಅಳತೆಯನ್ನು ಅರ್ಧ ಕಪ್‌ನಿಂದ ಮೂರನೇ ಎರಡು ಕಪ್‌ಗೆ ಏರಿಸಿತು. ಜನ ಹೆಚ್ಚು ತಿನ್ನಲಿ ಎಂದೇನೂ ಅಲ್ಲ, ಜನ ಆಗಲೇ ಹೆಚ್ಚು ತಿನ್ನುತ್ತಿದ್ದರು, ಲೇಬಲ್ ಅವರನ್ನು ಹಿಂಬಾಲಿಸಿತು. ಅಲ್ಲಿನ ಕಾನೂನಿನ ಪ್ರಕಾರ ಸರ್ವಿಂಗ್ ಎಂದರೆ ಜನ ರೂಢಿಯಲ್ಲಿ ಒಂದು ಸಲಕ್ಕೆ ತಿನ್ನುವಷ್ಟು.

ಈ ಗೊಂದಲ ಅತಿ ಹೆಚ್ಚು ಕಾಡುವುದು ಐಸ್‌ಕ್ರೀಮಿನಲ್ಲಿ. ಕೇಕು, ಬಾರು, ಕುಕಿ ಮೂರನ್ನೂ ತೂಕದಲ್ಲಿ ಹಿಡಿಯಬಹುದು. ಸ್ಕೂಪ್ ಹಾಗಲ್ಲ, ಅದು ಗಾತ್ರದ ಅಳತೆ. ಪದದ ಮೂಲ ಅರ್ಥವೇ ನೀರು ಮೊಗೆಯುವ ಪಾತ್ರೆ. ನಮ್ಮ ‘ಮೊಗೆ’ ಇದಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆ ನೋಡಿ, ಆದರೂ ‘ಒಂದು ಮೊಗೆತ ಐಸ್‌ಕ್ರೀಮ್’ ಎಂದು ಯಾರೂ ಹೇಳುವುದಿಲ್ಲ, ಇರಲಿ. ನೀರನ್ನು ಯಾರು ಮೊಗೆದರೂ ಅದೇ ತೂಕ. ಐಸ್‌ಕ್ರೀಮಿನ ತೂಕ ಮಾತ್ರ ಅದರೊಳಗಿನ ಗಾಳಿಯ ಮೇಲೆ ನಿಂತಿದೆ.

ಹಾಲು, ಕೆನೆ, ಸಕ್ಕರೆಯ ಮಿಶ್ರಣವನ್ನು ಯಂತ್ರದಲ್ಲಿ ಕಡೆಯುತ್ತಾ ಹೆಪ್ಪುಗಟ್ಟಿಸುವಾಗ ಗಾಳಿ ಸೇರಿ ಅದು ಉಬ್ಬುತ್ತದೆ. ಆ ಉಬ್ಬಿಗೆ ತಯಾರಕರು ಓವರ್‌ರನ್ ಎನ್ನುತ್ತಾರೆ. ಒಂದು ಲೀಟರ್ ಮಿಶ್ರಣ ಎರಡು ಲೀಟರ್ ಐಸ್‌ಕ್ರೀಮ್ ಆದರೆ ಓವರ್‌ರನ್ ನೂರು ಪ್ರತಿಶತ. ಮಿಶ್ರಣ ಲೀಟರಿಗೆ ಸುಮಾರು 1,100 ಗ್ರಾಂ ತೂಗುವುದರಿಂದ, ಹೀಗೆ ಉಬ್ಬಿದ ಐಸ್‌ಕ್ರೀಮ್ ಲೀಟರಿಗೆ 550 ಗ್ರಾಂ ಮಾತ್ರ ತೂಗುತ್ತದೆ. ಓವರ್‌ರನ್ ಇಪ್ಪತ್ತೈದಕ್ಕೆ ನಿಂತರೆ ಅದೇ ಲೀಟರು 880 ಗ್ರಾಂ. ಡಬ್ಬಿ ಅದೇ, ಚಮಚಕ್ಕೆ ಸಿಗುವುದು ಮಾತ್ರ ಬೇರೆ.

ಸ್ಕೂಪ್ ಮಾಡುವ ಸಾಧನದ ಮೇಲೆ ಒಂದು ಸಂಖ್ಯೆ ಕೆತ್ತಿರುವುದನ್ನು ನೋಡಿರಬಹುದು. ಅದು ಗ್ರಾಂ ಅಲ್ಲ, ಮಿಲಿಲೀಟರೂ ಅಲ್ಲ. ಅಮೆರಿಕದ ಒಂದು ಕ್ವಾರ್ಟ್, ಅಂದರೆ 946 ಮಿಲಿಲೀಟರಿನಿಂದ ಮಟ್ಟಸವಾಗಿ ಎಷ್ಟು ಉಂಡೆ ತೆಗೆಯಬಹುದು ಎಂಬ ಎಣಿಕೆ. 16 ಎಂದಿದ್ದರೆ ಉಂಡೆಗೆ ಸುಮಾರು 60 ಮಿಲಿಲೀಟರ್, 8 ಎಂದಿದ್ದರೆ ಅದರ ಎರಡರಷ್ಟು. ಸಂಖ್ಯೆ ದೊಡ್ಡದಾದಷ್ಟೂ ಉಂಡೆ ಚಿಕ್ಕದು. ಅದರ ಮೇಲೆ ಗೋಪುರದಂತೆ ನಿಂತ ಭಾಗ ಯಾವ ಲೆಕ್ಕಕ್ಕೂ ಸೇರಿಲ್ಲ.

ಈಗ 16ರ ಸ್ಕೂಪಿನಲ್ಲಿ ಎರಡು ಉಂಡೆ ಬಟ್ಟಲಿಗೆ ಹಾಕಿ ತೂಗಿ. ಗಾಳಿ ತುಂಬಿದ ಸಾಮಾನ್ಯ ವೆನಿಲಾ ಆದರೆ ಸುಮಾರು 66 ಗ್ರಾಂ: 137 ಕ್ಯಾಲೊರಿ, 7 ಗ್ರಾಂ ಕೊಬ್ಬು, 14 ಗ್ರಾಂ ಸಕ್ಕರೆ. ಕೆನೆ ಹೆಚ್ಚಿರುವ, ಗಾಳಿ ಕಡಿಮೆಯಿರುವ ವೆನಿಲಾ ಆದರೆ ಅದೇ ಎರಡು ಉಂಡೆ 107 ಗ್ರಾಂ ತೂಗುತ್ತವೆ. ಅದರಲ್ಲಿ 266 ಕ್ಯಾಲೊರಿ, 17 ಗ್ರಾಂ ಕೊಬ್ಬು, 22 ಗ್ರಾಂ ಸಕ್ಕರೆ. ಇದರ ಪಕ್ಕದಲ್ಲಿ ಪಟ್ಟಿಯ ಖಳನಾಯಕ ಚಾಕೊಲೇಟ್ ಬಾರನ್ನು ಇಡಿ. 44 ಗ್ರಾಂ ಬಾರಿನಲ್ಲಿ 235 ಕ್ಯಾಲೊರಿ, 13 ಗ್ರಾಂ ಕೊಬ್ಬು, ಸಕ್ಕರೆ 22-23 ಗ್ರಾಂ. ‘ವಾಸಿ’ ಎನಿಸಿಕೊಂಡದ್ದು ಸಕ್ಕರೆಯಲ್ಲಿ ಬಾರಿಗೆ ಸರಿಸಮವಾಗಿ ನಿಂತು, ಕೊಬ್ಬು ಮತ್ತು ಕ್ಯಾಲೊರಿಯಲ್ಲಿ ಅದನ್ನು ದಾಟಿಬಿಟ್ಟಿತು.

ನೂರು ಗ್ರಾಂ ಲೆಕ್ಕದಲ್ಲಿ ಐಸ್‌ಕ್ರೀಮ್ ಅಷ್ಟು ಹಗುರವಾಗಿ ಕಾಣಲು ಕಾರಣ ನೀರು. ಅದರ ತೂಕದ ಸುಮಾರು ಅರವತ್ತು ಪ್ರತಿಶತ ನೀರೇ, ನೀರಿಗೆ ಕ್ಯಾಲೊರಿ ಇಲ್ಲ. ಚಾಕೊಲೇಟಿನಲ್ಲಿ ನೀರು ಇಲ್ಲವೆಂದೇ ಹೇಳಬಹುದು. ಉಳಿದದ್ದೆಲ್ಲ ಗ್ರಾಂಗೆ 9 ಕ್ಯಾಲೊರಿಯ ಕೊಬ್ಬು, 4 ಕ್ಯಾಲೊರಿಯ ಸಕ್ಕರೆ, ಜೊತೆಗೆ ಒಂದಿಷ್ಟು ಕೋಕೊ ಮತ್ತು ಹಾಲಿನ ಪುಡಿ. ನೀರಿನ ವಿಷಯ ತೂಕ ಹೇಳುತ್ತದೆ, ಗಾಳಿಯ ವಿಷಯ ತೂಕಕ್ಕೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಸ್ಕೂಪನ್ನು ಗ್ರಾಂ ಪಟ್ಟಿಯಲ್ಲಿ ಓದಿದವರು ಮೋಸಹೋಗುತ್ತಾರೆ.

ಕೇಕಿನ ಮಾತು ಬೇಗ ಮುಗಿಯುತ್ತದೆ, ಏಕೆಂದರೆ ಅಲ್ಲಿ ಮೋಸ ಮಾಡುವುದು ಚಾಕು. ಪೌಷ್ಟಿಕಾಂಶದ ಪಟ್ಟಿಗಳಲ್ಲಿ ಕಾಣುವ ಕ್ರೀಮ್ ಲೇಪಿತ ಚಾಕೊಲೇಟ್ ಕೇಕಿನ ಹೋಳು 64 ಗ್ರಾಂ, 235 ಕ್ಯಾಲೊರಿ, ಬಾರಿನಷ್ಟೇ. ಆದರೆ ಹುಟ್ಟುಹಬ್ಬದ ಕೇಕನ್ನು 64 ಗ್ರಾಂಗೆ ಕೊಯ್ಯುವವರನ್ನು ನಾನಂತೂ ಕಂಡಿಲ್ಲ. ಎರಡು ಪದರದ ಹೋಳು 110 ಗ್ರಾಂ ಎಂದಿಟ್ಟುಕೊಂಡರೂ 400 ಕ್ಯಾಲೊರಿ, 18 ಗ್ರಾಂ ಕೊಬ್ಬು, ಸಕ್ಕರೆ 40 ಗ್ರಾಂ ದಾಟಬಹುದು. ಕೊಬ್ಬಿನಲ್ಲಿ ಕೆನೆಭರಿತ ಐಸ್‌ಕ್ರೀಮಿಗಿಂತ ಕೂದಲೆಳೆ ಮುಂದೆ, ಸಕ್ಕರೆಯಲ್ಲಿ ಹೆಚ್ಚುಕಡಿಮೆ ಎರಡರಷ್ಟು. ಮೇಲಿನ ಕ್ರೀಮಿನ ಬಹುಪಾಲು ಬರಿಯ ಸಕ್ಕರೆ ಪುಡಿ, ಮೂಲೆಯ ಹೋಳು ಕೇಳಿ ತೆಗೆದುಕೊಳ್ಳುವವರು ಗಮನಿಸಿ.

ಕುಕಿಯ ಸರ್ವಿಂಗ್ ಮೂವತ್ತು ಗ್ರಾಂ ಆಸುಪಾಸು, 15 ಗ್ರಾಮಿನವು ಎರಡು. ಒಂದಕ್ಕೆ ಸುಮಾರು 73 ಕ್ಯಾಲೊರಿ, ಮೂರೂವರೆ ಗ್ರಾಂ ಕೊಬ್ಬು, 5 ಗ್ರಾಂ ಸಕ್ಕರೆ. ಎರಡಕ್ಕೆ ನಿಲ್ಲಿಸಿದರೆ ಕ್ಯಾಲೊರಿಯಲ್ಲಿ ಗಾಳಿ ತುಂಬಿದ ಆ ಎರಡು ಉಂಡೆಗೆ ಸಮ. ಮೂರನೆಯದು ಸೇರಿದರೆ 220, ಬಾರಿನ ಹತ್ತಿರ ಬಂದಂತೆ. ಅಂಗೈಯಗಲದ, ನಡುವೆ ಮೆತ್ತಗಿರುವ ಬೇಕರಿ ಕುಕಿಯನ್ನು ‘ಒಂದು’ ಎಂದು ಎಣಿಸುವವರ ಜೊತೆ ವಾದ ಬೇಡ, ತಕ್ಕಡಿ ಕೊಡಿ.

ಐಸ್‌ಕ್ರೀಮಿಗೆ ತಕ್ಕಡಿಯೂ ಬೇಡ. ಡಬ್ಬಿಯ ಮೇಲೆ ಮಿಲಿಲೀಟರ್, ಗ್ರಾಂ ಎರಡೂ ಅಚ್ಚಾಗಿದ್ದರೆ ಗ್ರಾಮನ್ನು ಮಿಲಿಲೀಟರಿನಿಂದ ಭಾಗಿಸಿ. 500 ಮಿಲಿಲೀಟರಿನ ಡಬ್ಬಿ 275 ಗ್ರಾಂ ತೂಗಿದರೆ ಉತ್ತರ 0.55, ಸುಮಾರು ಅರ್ಧ ಗಾಳಿ. 450 ಗ್ರಾಂ ಇದ್ದರೆ 0.9, ಮೊಗೆಯುವಾಗಲೇ ಮಣಿಕಟ್ಟಿಗೆ ಗೊತ್ತಾಗುತ್ತದೆ.